ಬಸ್ಸು ಹೇಳುವ ಕತೆ: ಕಂಡಕ್ಟರನ ಕೊನೆಯ ಟ್ರಿಪ್ ಕುರಿತು ಮೂರು ನಿಮಿಷದ ಅನಿಮೇಷನ್ ಚಿತ್ರ ಮಾಡುವ ಬಗೆ

ಬಸ್ಸೇ ಕತೆ ಹೇಳುತ್ತದೆ ಎಂದ ಕೂಡಲೇ ಹೆಚ್ಚಿನವರ ಕೈ ಮುಂದಿನ ಗಾಜಿಗೆ ಎರಡು ಕಣ್ಣು, ಬಂಪರಿಗೆ ಒಂದು ಬಾಯಿ ಬರೆಯಲು ಹೊರಡುತ್ತದೆ. ಅಲ್ಲಿಗೆ ಈ ಕತೆ ಕೆಟ್ಟಿತು ಎಂದೇ ಲೆಕ್ಕ. ಕಣ್ಣು ಬಾಯಿ ಬಂದ ಬಸ್ಸನ್ನು ನಾವು ಹೊರಗಿನಿಂದ ನೋಡುತ್ತೇವೆ. ಈ ಚಿತ್ರದಲ್ಲಿ ನೋಡುಗ ಬಸ್ಸಿನ ಮೈಯೊಳಗೆ ಇರಬೇಕು. ಆದ್ದರಿಂದ ಪೆನ್ಸಿಲು ಹಿಡಿಯುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ: ಬಸ್ಸಿಗೆ ಏನೇನು ಗೊತ್ತಾಗುತ್ತದೆ, ಏನು ಗೊತ್ತಾಗುವುದಿಲ್ಲ?

ಬಸ್ಸಿನ ಅರಿವಿಗೆ ಗಡಿ ಹಾಕಿ

ನನ್ನ ಲೆಕ್ಕದಲ್ಲಿ ಬಸ್ಸಿಗೆ ಮೂರು ಕಡೆ ಕಣ್ಣಿದೆ. ಮುಂದಿನ ದೊಡ್ಡ ಗಾಜು, ಡ್ರೈವರನ ತಲೆಯ ಮೇಲಿನ ಒಳಗನ್ನಡಿ, ಎಡಬದಿಯ ಹೊರಗನ್ನಡಿ. ಇದರಾಚೆ ಅದಕ್ಕೆ ಗೊತ್ತಿರುವುದೆಲ್ಲ ಭಾರ, ಸದ್ದು ಮತ್ತು ಸ್ಪರ್ಶ. ಮೆಟ್ಟಿಲ ಮೇಲೆ ಕಾಲಿಟ್ಟವರು ಮಕ್ಕಳೋ ಮೂಟೆ ಹೊತ್ತವರೋ ಎಂಬುದು ಪಟ್ಟಿ ಸ್ಪ್ರಿಂಗಿಗೆ ಗೊತ್ತಾಗುತ್ತದೆ. ಒಂದು ಸೀಟಿ ಕೇಳಿದರೆ ನಿಲ್ಲಬೇಕು, ಎರಡು ಕೇಳಿದರೆ ಹೊರಡಬೇಕು. ಡಿಪೋ ಕಚೇರಿಯ ಗೋಡೆಯಾಚೆ ಏನು ನಡೆಯುತ್ತದೆ ಎಂಬುದು ಗೊತ್ತಿಲ್ಲ. ನಿವೃತ್ತಿ ಎಂದರೇನು ಎಂಬುದಂತೂ ಗೊತ್ತೇ ಇಲ್ಲ.

ಈ ಕೊನೆಯ ಅಜ್ಞಾನವೇ ಚಿತ್ರದ ಬಂಡವಾಳ. ಇದು ಕೊನೆಯ ಟ್ರಿಪ್ ಎಂಬುದು ನೋಡುಗರಿಗೆ ಗೊತ್ತು, ಬಸ್ಸಿಗೆ ಗೊತ್ತಿಲ್ಲ. ಹಾರ ಹಾಕುವುದು, ಶಾಲು ಹೊದಿಸುವುದು, ಭಾಷಣ ಇವೆಲ್ಲ ಕಚೇರಿಯೊಳಗೆ ನಡೆಯುತ್ತವೆ. ಬಸ್ಸಿಗೆ ಕೇಳುವುದು ದೂರದ ಚಪ್ಪಾಳೆ ಮಾತ್ರ. ಬೀಳ್ಕೊಡುಗೆಯನ್ನು ತೋರಿಸಲೇಬೇಕು ಎಂಬ ಆಸೆ ಬಂದರೆ ಅದುಮಿಕೊಳ್ಳಿ. ಒಮ್ಮೆ ಕ್ಯಾಮೆರಾ ಕಚೇರಿಯೊಳಗೆ ಹೋಯಿತೆಂದರೆ ಕತೆ ಹೇಳುತ್ತಿರುವುದು ಬಸ್ಸು ಎಂಬ ಮಾತು ಸುಳ್ಳಾಗುತ್ತದೆ.

ಇನ್ನು ಬಸ್ಸಿಗೂ ಕಂಡಕ್ಟರನಿಗೂ ನಡುವಿನ ನಂಟನ್ನು ಹಿಡಿಯಲು ಒಂದೇ ಒಂದು ಕ್ರಿಯೆ ಬೇಕು. ಟಿಕೆಟ್ ಕೊಡುವುದು, ಚಿಲ್ಲರೆಗೆ ಜಗಳ, ಟಿಕೆಟ್ಟಿನ ಹಿಂದೆ ಬಾಕಿ ಬರೆಯುವುದು ಎಲ್ಲವೂ ಸೊಗಸಾದ ವಿವರಗಳೇ, ಆದರೆ ಅವು ಕಂಡಕ್ಟರನಿಗೂ ಪ್ರಯಾಣಿಕರಿಗೂ ಸೇರಿದವು. ಬಸ್ಸಿಗೇ ಸೇರಿದ್ದು ರಿವರ್ಸ್. ಹಿಂದಕ್ಕೆ ಹೋಗುವಾಗ ಬಸ್ಸಿಗೆ ಕಣ್ಣಿಲ್ಲ. ಕಂಡಕ್ಟರ್ ಕೆಳಗಿಳಿದು ಹಿಂಬದಿಗೆ ಹೋಗಿ, ತಗಡಿನ ಮೇಲೆ ಅಂಗೈಯಿಂದ ತಟ್ಟುತ್ತ "ಬರಲಿ, ಬರಲಿ, ಬರಲಿ" ಎನ್ನುತ್ತಾನೆ. ಜೋರಾಗಿ ಎರಡು ಬಾರಿ ಬಡಿದರೆ ನಿಲ್ಲಬೇಕು. ಅಷ್ಟು ಹೊತ್ತು ಬಸ್ಸು ಅವನ ಅಂಗೈಯನ್ನು ನಂಬಿ ನಡೆಯುತ್ತದೆ. ಇಡೀ ಚಿತ್ರವನ್ನು ನಾನು ಈ ತಟ್ಟುವಿಕೆಯ ಮೇಲೆ ಕಟ್ಟುತ್ತೇನೆ.

ಊರು, ದಿನ, ಟ್ರಿಪ್ಪು

"ಒಂದಾನೊಂದು ಹಳ್ಳಿ" ಎಂದರೆ ಚಿತ್ರ ಬರೆಯಲು ಏನೂ ಸಿಗುವುದಿಲ್ಲ. ಉದಾಹರಣೆಗೆ ಮಧುಗಿರಿ ಸುತ್ತಿನ ಒಂದು ಹಾಲ್ಟಿಂಗ್ ಬಸ್ಸನ್ನು ತೆಗೆದುಕೊಳ್ಳೋಣ. ಸಂಜೆ ಪಟ್ಟಣದಿಂದ ಹೊರಟು ಹಳ್ಳಿ ಸೇರಿ, ರಾತ್ರಿ ಅಲ್ಲೇ ನಿಂತು, ಬೆಳಗಿನ ಮೊದಲ ಟ್ರಿಪ್ಪಿಗೆ ವಾಪಸಾಗುವ ಬಸ್ಸು. ಡ್ರೈವರ್, ಕಂಡಕ್ಟರ್ ಇಬ್ಬರೂ ಅದರೊಳಗೇ ಮಲಗುವುದರಿಂದ ಬಸ್ಸಿಗೆ ಅವರ ಉಸಿರೂ ಗೊತ್ತಿರುತ್ತದೆ. ಆ ಸೀಮೆಯ ಇನ್ನೊಂದು ಅನುಕೂಲವೆಂದರೆ ಮಧುಗಿರಿ ಬೆಟ್ಟ. ಬಯಲಿನಿಂದ ಒಂಟಿಯಾಗಿ ಎದ್ದ ಆ ಬೋಳುಬಂಡೆ ದೂರದಿಂದಲೇ ಕಾಣುತ್ತದೆ. ಮುಂದಿನ ಗಾಜಿನಲ್ಲಿ ಅದು ಎಷ್ಟು ದೊಡ್ಡದಾಗಿ ಕಾಣುತ್ತಿದೆ ಎಂಬುದರಿಂದಲೇ ಪ್ರಯಾಣ ಎಷ್ಟು ಮುಗಿದಿದೆ ಎಂದು ಹೇಳಬಹುದು.

ದಿನ ಮೇ 31. ಇದಕ್ಕೆ ಕಾರಣವಿದೆ. ಅರವತ್ತು ತುಂಬುವ ತಿಂಗಳ ಕೊನೆಯ ದಿನ ನಿವೃತ್ತಿ. ತಿಂಗಳ ಒಂದನೇ ತಾರೀಖು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನ. ಆ ತಲೆಮಾರಿನ ಎಷ್ಟೋ ಜನರ ಹುಟ್ಟಿದ ದಿನ ಮನೆಯವರಿಗೆ ನೆನಪಿರಲಿಲ್ಲ, ಶಾಲೆಗೆ ಸೇರಿಸುವಾಗ ಮೇಷ್ಟರು ಜೂನ್ 1 ಎಂದು ಬರೆದುಕೊಂಡರು. ಹಾಗಾಗಿ ನಮ್ಮ ಕಂಡಕ್ಟರ್ ರಂಗಪ್ಪ ಮೇ 31ಕ್ಕೆ ಇಳಿಯುತ್ತಾನೆ. ಚಿತ್ರಕಾರನಿಗೂ ಆ ದಿನ ಲಾಭವೇ: ಬೇಸಿಗೆಯಲ್ಲಿ ಒಣಗಿದ ಹೊಲ, ಮುಂಗಾರಿಗೆ ಮೊದಲಿನ ಮೋಡ, ಉತ್ತ ಕೆಮ್ಮಣ್ಣು.

ವರ್ಷವನ್ನೂ ಖಚಿತ ಮಾಡಿಕೊಳ್ಳಿ, ಏಕೆಂದರೆ ಸದ್ದು ಅದರ ಮೇಲೆ ನಿಂತಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲಿನ ಕತೆಯಾದರೆ ಹೆಂಗಸರಿಗೆ ಶೂನ್ಯ ಟಿಕೆಟ್. ಟಿಕೆಟ್ ಯಂತ್ರದ ಕಿರ್ರ್ ಸದ್ದು ಹೆಚ್ಚು, ಚರ್ಮದ ಚೀಲದ ಚಿಲ್ಲರೆ ಸದ್ದು ಕಡಿಮೆ. "ಮೊದಲು ಅವನ ಚೀಲ ಕುಲುಕುತ್ತಿತ್ತು, ಈಗ ಹಗುರಾಗಿದೆ" ಎಂದು ಬಸ್ಸು ಹೇಳಿದರೆ ಕಾಲ ಬದಲಾದದ್ದು ಒಂದೇ ಸಾಲಿನಲ್ಲಿ ಬರುತ್ತದೆ. ನಾನು ಆರಿಸುವುದು 2024ರ ಮೇ.

180 ಸೆಕೆಂಡನ್ನು ಹೀಗೆ ಹಂಚುತ್ತೇನೆ. ಮೇ 30ರ ಸಂಜೆ ಹಳ್ಳಿಗೆ ಬಂದು ಹುಣಸೆಮರದ ಕೆಳಗೆ ರಿವರ್ಸ್ ಹಾಕಿ ನಿಲ್ಲುವುದು 45 ಸೆಕೆಂಡು. ರಾತ್ರಿ 15. ಬೆಳಗಿನ ಟ್ರಿಪ್ಪು 70. ಡಿಪೋದಲ್ಲಿ ರಂಗಪ್ಪನ ಕೊನೆಯ ರಿವರ್ಸ್ ಮತ್ತು ಚಪ್ಪಾಳೆ 40. ಜೂನ್ 1ರ ಹೊಸ ಕಂಡಕ್ಟರ್ 10. ರಿವರ್ಸ್ ಎರಡು ಬಾರಿ ಬರುತ್ತದೆ, ಮೂರನೆಯ ಬಾರಿ ಬೇರೆಯಾಗಿ ಬರುತ್ತದೆ. ಮೊದಲ ಸಲ ನೋಡುಗರಿಗೆ ಅದರ ಭಾಷೆ ಕಲಿಸಲೇಬೇಕು, ಆದ್ದರಿಂದಲೇ ಸಂಜೆಗೆ ಅಷ್ಟು ಸಮಯ.

ಮೊದಲು ಸದ್ದು, ಆಮೇಲೆ ಚಿತ್ರ

ಸಾಮಾನ್ಯವಾಗಿ ಚಿತ್ರ ಮುಗಿದ ಮೇಲೆ ಸದ್ದು ಕೂಡಿಸುತ್ತಾರೆ. ಇಲ್ಲಿ ಅದನ್ನು ತಿರುಗಿಸಿ. ಮೊಬೈಲಿನಲ್ಲಿ ಡಬ್ಲ್ಯುಎವಿ ರೂಪದಲ್ಲಿ ಉಳಿಸುವ ಯಾವುದೇ ರೆಕಾರ್ಡರ್ ಸಾಕು. ಹಳೆಯ ಕೆಂಪು ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕುಳಿತು, ಮೊಬೈಲನ್ನು ಕಿಟಕಿಯ ಕೆಳಗಿನ ತಗಡಿಗೆ ಒತ್ತಿ ಹಿಡಿದು ಒಂದಷ್ಟು ಹೊತ್ತು ರೆಕಾರ್ಡ್ ಮಾಡಿ. ಗಾಳಿಯಲ್ಲಿ ಹಿಡಿದಾಗ ಪ್ರಯಾಣಿಕನಿಗೆ ಕೇಳುವ ಸದ್ದು ಸಿಗುತ್ತದೆ, ತಗಡಿಗೆ ಒತ್ತಿದಾಗ ಬಸ್ಸಿಗೆ ಕೇಳುವ ಸದ್ದು. ವ್ಯತ್ಯಾಸ ಹೆಡ್‌ಫೋನಿನಲ್ಲಿ ತಕ್ಷಣ ಗೊತ್ತಾಗುತ್ತದೆ: ಮಾತು ಮಂಕಾಗಿ, ಎಂಜಿನ್ನಿನ ಗುಡುಗು ಮುಂದೆ ಬರುತ್ತದೆ. ಹೊರಗೆ ನಿಂತು ಮಾತನಾಡುವವರ ದನಿಯನ್ನು ಬೇರೆ ರೆಕಾರ್ಡ್ ಮಾಡಿದ್ದರೆ ಸದ್ದು ತಿದ್ದುವ ತಂತ್ರಾಂಶ ಅಡಾಸಿಟಿಯಲ್ಲಿ Low-Pass Filter ಹಾಕಿ ಮೇಲಿನ ಸ್ವರಗಳನ್ನು ಕತ್ತರಿಸಿ. 800 ಹರ್ಟ್ಸಿನಿಂದ ಶುರುಮಾಡಿ ಕಿವಿಗೆ ಒಪ್ಪುವವರೆಗೆ ಹೆಚ್ಚು ಕಡಿಮೆ ಮಾಡಿ. ಮಾತು ಪೂರ್ತಿ ಅರ್ಥವಾಗದಿದ್ದರೂ ಯಾರ ದನಿ ಎಂಬುದು ತಿಳಿಯಬೇಕು.

ಅಂಗೈ ತಟ್ಟಿನ ಸದ್ದಿಗೆ ಹೆಚ್ಚು ಸಮಯ ಕೊಡಿ. ಚಾಚಿದ ಅಂಗೈ, ಸ್ವಲ್ಪ ಬಟ್ಟಲಾಗಿಸಿದ ಅಂಗೈ, ಬೆರಳ ತುದಿ ಮೂರೂ ಬೇರೆ ಬೇರೆ ಕೇಳುತ್ತವೆ. ಗುಜರಿ ಅಂಗಡಿಯಲ್ಲಿ ನಿಂತ ವಾಹನದ ಹಿಂಬದಿ ತಗಡು ಸಿಕ್ಕಿದರೆ ಯಾರ ತಂಟೆಯೂ ಇಲ್ಲದೆ ಬೇಕಾದಷ್ಟು ಬಡಿಯಬಹುದು. ರಂಗಪ್ಪನ ತಟ್ಟಿಗೆ ಒಂದು ಲಯ ಗೊತ್ತುಮಾಡಿ. ನಾನು ಮುಕ್ಕಾಲು ಸೆಕೆಂಡಿಗೆ ಒಂದು ತಟ್ಟು ಇಡುತ್ತೇನೆ; ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಅದು 18 ಫ್ರೇಮಿಗೆ ಒಂದು. ಈ ಲಯ ಚಿತ್ರದುದ್ದಕ್ಕೂ ಬದಲಾಗಬಾರದು. ನೋಡುಗರು ಅವನನ್ನು ಗುರುತಿಸುವುದೇ ಅದರಿಂದ.

ಶಾಟುಗಳು ಮತ್ತು ಕರಡು ಚಿತ್ರ

ಮೂರು ಕಣ್ಣುಗಳ ಮೂರು ಚೌಕಟ್ಟನ್ನು ಒಮ್ಮೆ ಬರೆದು ಮೂಲ ಪ್ರತಿಯಾಗಿ ಇಟ್ಟುಕೊಳ್ಳಿ. ಮುಂಗಾಜಿನ ಚೌಕಟ್ಟಿನಲ್ಲಿ ರಸ್ತೆಯ ಎಡಭಾಗದಲ್ಲಿ ನಾವಿದ್ದೇವೆ, ಸ್ಟೀರಿಂಗ್ ಬಲಕ್ಕಿದೆ, ಗಾಜಿನ ಮೇಲ್ತುದಿಯಲ್ಲಿ ಹೂವಿನ ಹಾರ ತೂಗುತ್ತದೆ. ಹೊರಗನ್ನಡಿಯಲ್ಲಿ ಬಾಗಿಲು, ಮೆಟ್ಟಿಲು, ಹಿಂದೆ ಏಳುವ ಧೂಳು. ಒಳಗನ್ನಡಿಯಲ್ಲಿ ಸೀಟುಗಳ ಸಾಲು: ಒಂದು ಕಡೆ ಮೂವರ ಸೀಟು, ಇನ್ನೊಂದು ಕಡೆ ಇಬ್ಬರದು, ನಡುವೆ ಇಕ್ಕಟ್ಟಿನ ದಾರಿಯಲ್ಲಿ ರಂಗಪ್ಪ.

ಕನ್ನಡಿಯ ಚಿತ್ರದಲ್ಲಿ ಎಲ್ಲರೂ ಎಡವುವುದು ಎಡಬಲದಲ್ಲಿ. ಅದನ್ನು ಉಲ್ಟಾ ಬರೆಯಲು ಹೋಗಬೇಡಿ. ಎಲ್ಲವನ್ನೂ ನೇರವಾಗಿಯೇ ಬರೆದು, ಕೊನೆಗೆ ಇಡೀ ಪದರಗುಚ್ಛವನ್ನು ಅಡ್ಡಲಾಗಿ ತಿರುಗಿಸಿ. ಆಗ ಅಂಗಿಯ ಜೇಬು, ಕೈಗಡಿಯಾರ, ಸಂಚಿಯ ಮೇಲಿನ ಅಂಗಡಿಯ ಹೆಸರು ಎಲ್ಲವೂ ಒಟ್ಟಿಗೆ ಸರಿಯಾಗಿ ತಿರುಗುತ್ತವೆ. ಪರೀಕ್ಷೆ ಸುಲಭ: ಕನ್ನಡಿಯೊಳಗಿನ ಕನ್ನಡ ಅಕ್ಷರ ನೇರವಾಗಿ ಓದಲು ಬಂದರೆ ಎಲ್ಲೋ ತಪ್ಪಿದೆ.

ನಾಲ್ಕನೆಯ ಚೌಕಟ್ಟು ಹಿಂಬದಿಯದು, ಅದು ಕತ್ತಲು. ಬರಿಯ ಕಪ್ಪಲ್ಲ, ಕೆಂಪು ತಗಡಿನ ಒಳಮೈಯ ಕಂದು ಕತ್ತಲು. ಅಂಗೈ ಬಿದ್ದ ಕ್ಷಣದಲ್ಲಿ ಆ ಕತ್ತಲಲ್ಲಿ ಸೀಮೆಸುಣ್ಣದಂಥ ಬಿಳಿ ಗೆರೆಗಳಲ್ಲಿ ಹಿಂದಿನ ಜಗತ್ತು ಮೂಡುತ್ತದೆ: ಹುಣಸೆಯ ಬೊಡ್ಡೆ, ಕಟ್ಟೆಯ ಅಂಚು, ಮಲಗಿದ ನಾಯಿ. ಗೆರೆ ಎರಡು ಫ್ರೇಮು ಪೂರ್ತಿ ಬೆಳಗಿ, ಮುಂದಿನ ಹತ್ತು ಫ್ರೇಮುಗಳಲ್ಲಿ ಮಾಸುತ್ತದೆ. ಉಳಿದ ಆರು ಫ್ರೇಮು ಕತ್ತಲು, ಮತ್ತೆ ತಟ್ಟು. ಪ್ರತಿ ತಟ್ಟಿಗೂ ಬೊಡ್ಡೆ ಇನ್ನಷ್ಟು ಹತ್ತಿರವಾಗಿ, ದೊಡ್ಡದಾಗಿ ಮೂಡುತ್ತದೆ. ಆರು ತಟ್ಟಿನ ರಿವರ್ಸಿಗೆ ಆರೇ ಚಿತ್ರ ಸಾಕು, ನಡುವಿನ ಚಲನೆಯನ್ನು ನೋಡುಗರ ತಲೆಯೇ ತುಂಬಿಕೊಳ್ಳುತ್ತದೆ. ನಾಯಿ ಎರಡನೆಯ ತಟ್ಟಿನಲ್ಲಿ ತಲೆ ಎತ್ತಿ, ಮೂರನೆಯದರಲ್ಲಿ ಇಲ್ಲವಾಗಿದ್ದರೆ ನಗು ಬರುತ್ತದೆ. ಈ ಚಿತ್ರಕ್ಕೆ ಅಷ್ಟು ನಗು ಬೇಕು.

ಈಗ ಡಿಪೋ. ಗೋಡೆ, ಟೈರಿನ ರಾಶಿ, ಪಕ್ಕದ ಬಸ್ಸಿನ ಹಿಂಭಾಗ ಗೆರೆಗಳಲ್ಲಿ ಬಂದು ಹೋಗುತ್ತವೆ. ಕೊನೆಯ ತಟ್ಟಿನ ನಂತರ ರಂಗಪ್ಪ ಕೈ ತೆಗೆಯುವುದಿಲ್ಲ. ಹಾಗಾಗಿ ಗೆರೆಯೂ ಮಾಸುವುದಿಲ್ಲ. ಎರಡು ಸೆಕೆಂಡು, ಅಂದರೆ 48 ಫ್ರೇಮು, ಹಾಗೆಯೇ ಹಿಡಿಯಿರಿ, ಎಂಜಿನ್ನು ನಿಲ್ಲಲಿ. ಇಲ್ಲಿ ಪಿಟೀಲು, ಕೊಳಲು ಏನನ್ನೂ ಹಾಕಬೇಡಿ. ಮರುದಿನ ಹೊಸ ಕಂಡಕ್ಟರ್ ಹಿಂದೆ ನಿಂತು ಸೀಟಿ ಊದುತ್ತಾನೆ, ಡ್ರೈವರ್ ಸರಿಯಾಗಿಯೇ ರಿವರ್ಸ್ ತೆಗೆಯುತ್ತಾನೆ, ಆದರೆ ಕತ್ತಲಲ್ಲಿ ಗೆರೆ ಮೂಡುವುದಿಲ್ಲ. ಹೊಸಬನನ್ನು ಒರಟನನ್ನಾಗಿ ಮಾಡಬೇಡಿ. ಅವನದೇನೂ ತಪ್ಪಿಲ್ಲ, ಅವನಿಗೆ ಸೀಟಿ ರೂಢಿ, ಅಷ್ಟೇ.

ಎಲ್ಲ ಶಾಟುಗಳನ್ನೂ ಅಂಗೈಯಗಲದ ಒರಟು ಚಿತ್ರಗಳಾಗಿ ಬರೆದು, ಸದ್ದಿನ ಪಟ್ಟಿಯ ಮೇಲೆ ಜೋಡಿಸಿ ಓಡಿಸಿ ನೋಡಿ. ಇದನ್ನು ಅನಿಮ್ಯಾಟಿಕ್ ಎನ್ನುತ್ತಾರೆ. ಅನಿಮೇಷನ್ ತಂತ್ರಾಂಶ ಬ್ಲೆಂಡರಿನ Video Editing ಕಾರ್ಯಪುಟದಲ್ಲಿ ಇದು ಆರಾಮವಾಗಿ ಆಗುತ್ತದೆ. ಕತೆ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ ಒಂದೇ ಪ್ರಶ್ನೆ ಕೇಳಿ: "ಬಿಳಿ ಗೆರೆ ಏಕೆ ಬರುತ್ತಿದೆ?" ಉತ್ತರ ಬಾರದಿದ್ದರೆ ಸಂಜೆಯ ದೃಶ್ಯದಲ್ಲಿ, ಮೊದಲ ತಟ್ಟಿಗೆ ಮುಂಚೆ, ಹೊರಗನ್ನಡಿಯಲ್ಲಿ ರಂಗಪ್ಪ ಇಳಿದು ಹಿಂದಕ್ಕೆ ನಡೆಯುವುದನ್ನು ಇನ್ನೂ ಸ್ಪಷ್ಟವಾಗಿ ತೋರಿಸಬೇಕು. ಪೂರ್ತಿ ಬರೆದ ಮೇಲೆ ಇದು ಗೊತ್ತಾದರೆ ವಾರಗಳ ಕೆಲಸ ಹಾಳು.

ಚಲನೆ: ಕಂಪನ, ಭಾರ, ಕಂಬ

24 ಫ್ರೇಮಿನ ಮೂರು ನಿಮಿಷ ಎಂದರೆ 4,320 ಫ್ರೇಮು. ಒಂದು ಚಿತ್ರವನ್ನು ಎರಡು ಫ್ರೇಮು ನಿಲ್ಲಿಸಿದರೆ 2,160ಕ್ಕೆ ಇಳಿಯುತ್ತದೆ. ಹೆದರಬೇಕಾಗಿಲ್ಲ, ಅದರಲ್ಲಿ ಬಹುಪಾಲು ಹೊಸ ಚಿತ್ರವೇ ಅಲ್ಲ. ಹಿನ್ನೆಲೆಯ ಪದರಗಳು ಸರಿಯುತ್ತವೆ, ಚೌಕಟ್ಟು ನಡುಗುತ್ತದೆ. ನಾನು ಚಿತ್ರಗಳನ್ನು ಕೃತಾ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಬರೆದು, ಪದರಗಳನ್ನು ಬೇರೆ ಬೇರೆ ಪಿಎನ್‌ಜಿ ಕಡತಗಳಾಗಿ ಬ್ಲೆಂಡರಿಗೆ ತಂದು ಜೋಡಿಸುವುದನ್ನು ಇಷ್ಟಪಡುತ್ತೇನೆ. ಎರಡೂ ಉಚಿತ.

ನಿಂತ ಬಸ್ಸಿನ ಎಂಜಿನ್ನು ಓಡುವ ಬಸ್ಸಿನದಕ್ಕಿಂತ ಹೆಚ್ಚು ನಡುಗಿಸುತ್ತದೆ ಎಂಬುದನ್ನು ಮರೆಯಬೇಡಿ. ನಿಂತಾಗ ಇಡೀ ಚೌಕಟ್ಟು ಎರಡು ಫ್ರೇಮು ಮೇಲೆ, ಎರಡು ಫ್ರೇಮು ಕೆಳಗೆ, ಎರಡು ಮೂರು ಪಿಕ್ಸೆಲ್ ಅಷ್ಟೇ. ಓಡುವಾಗ ಈ ನಡುಕ ಒಂದು ಪಿಕ್ಸೆಲ್ಲಿಗೆ ಇಳಿದು, ಅದರ ಬದಲು ಗುಂಡಿಗಳು ಬರುತ್ತವೆ. ಕನ್ನಡಿ ಮಾತ್ರ ಯಾವಾಗಲೂ ಚೌಕಟ್ಟಿಗಿಂತ ಹೆಚ್ಚು ನಡುಗಲಿ. ರಂಗಪ್ಪನ ಮುಖ ನಮಗೆ ಅದರಲ್ಲಿ ಮಾತ್ರ ಕಾಣುವುದರಿಂದ ಅದು ಎಂದೂ ನಿಚ್ಚಳವಾಗುವುದಿಲ್ಲ. ಎಂಜಿನ್ನು ನಿಂತ ರಾತ್ರಿಯ 15 ಸೆಕೆಂಡಿನಲ್ಲಿ ಒಮ್ಮೆ ಅವನ ಮುಖ ಅಲುಗದೆ ಕಾಣಲಿ.

ಭಾರಕ್ಕೆ ದಿಗಂತದ ಗೆರೆಯನ್ನು ಬಳಸಿ. ಬೆಳಿಗ್ಗೆ ಹಾಲಿನ ಕ್ಯಾನು, ಹೂವಿನ ಮೂಟೆ, ಪಟ್ಟಣಕ್ಕೆ ಹೊರಟ ಜನ ಹತ್ತುತ್ತಾ ಹೋದಂತೆ ಬಸ್ಸು ಕುಸಿಯುತ್ತದೆ, ಆದ್ದರಿಂದ ಮುಂಗಾಜಿನ ಚೌಕಟ್ಟಿನ ಆಚೆಗಿನ ಜಗತ್ತು ಕೂದಲೆಳೆಯಷ್ಟು ಮೇಲೇರುತ್ತದೆ. ತುಂಬಿದ ಬಸ್ಸಿಗೆ ಎಂಟು ಹತ್ತು ಪಿಕ್ಸೆಲ್ ಸಾಕು. ಒಬ್ಬ ಮನುಷ್ಯ ಹತ್ತಿದರೆ ನಿಜದಲ್ಲಿ ಏನೂ ಕಾಣುವುದಿಲ್ಲ, ಆದರೂ ರಂಗಪ್ಪ ಹತ್ತುವಾಗ ಮೂರು ಪಿಕ್ಸೆಲ್ ಕೊಡಿ. ಚಪ್ಪಾಳೆಯ ನಂತರ ಅವನು ಊಟದ ಚೀಲ ಮರೆತು ಖಾಲಿ ಬಸ್ಸಿಗೆ ಒಮ್ಮೆ ಹತ್ತಿ ಇಳಿಯುತ್ತಾನೆ. ಆ ಮೂರು ಪಿಕ್ಸೆಲ್ಲಿನಿಂದಲೇ ನಮಗೆ ಅವನು ಬಂದದ್ದು ತಿಳಿಯಬೇಕು.

ವೇಗದ ವಿಷಯಕ್ಕೆ ಒಂದು ಲೆಕ್ಕ ಮಾಡಿಕೊಳ್ಳಿ. ಗಂಟೆಗೆ 40 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ವಿದ್ಯುತ್ ಕಂಬಗಳ ನಡುವೆ 50 ಮೀಟರ್ ಇದ್ದರೆ ನಾಲ್ಕೂವರೆ ಸೆಕೆಂಡಿಗೆ, ಅಂದರೆ 108 ಫ್ರೇಮಿಗೆ, ಒಂದು ಕಂಬ ದಾಟಬೇಕು. ಹೊಸಬರು ಅರ್ಧ ಸೆಕೆಂಡಿಗೊಂದು ಕಂಬ ಓಡಿಸುತ್ತಾರೆ. ಲೆಕ್ಕ ಹಾಕಿದರೆ ಅವರ ಕೆಂಪು ಬಸ್ಸು ಗಂಟೆಗೆ 360 ಕಿಲೋಮೀಟರಿನಲ್ಲಿ ಹೋಗುತ್ತಿರುತ್ತದೆ. ದೂರ ಹೆಚ್ಚಿದಷ್ಟೂ ಸರಿಯುವ ವೇಗ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ರಸ್ತೆಬದಿಯ ಕಂಬ 6 ಮೀಟರ್ ದೂರದಲ್ಲಿದ್ದು ಹೊಲದಂಚಿನ ತೆಂಗಿನ ಸಾಲು 60 ಮೀಟರಿನಲ್ಲಿದ್ದರೆ ತೆಂಗು ಕಂಬದ ಹತ್ತನೆಯ ಒಂದು ವೇಗದಲ್ಲಿ ಸರಿಯಬೇಕು. ಕಿಲೋಮೀಟರುಗಟ್ಟಲೆ ಆಚೆ ಇರುವ ಬೆಟ್ಟವನ್ನು ಒಂದು ಶಾಟಿನಲ್ಲಿ ಅಲುಗಿಸಲೇಬೇಡಿ, ಶಾಟಿನಿಂದ ಶಾಟಿಗೆ ಸ್ವಲ್ಪ ದೊಡ್ಡದು ಮಾಡುತ್ತ ಹೋಗಿ.

ಬಸ್ಸಿನ ಮಾತು

ಕನ್ನಡವನ್ನು ಬಿಡುವು ಕೊಟ್ಟು ಓದಿದರೆ ನಿಮಿಷಕ್ಕೆ ತೊಂಬತ್ತು ನೂರು ಪದ ಆಗುತ್ತದೆ. ಮೂರು ನಿಮಿಷದಲ್ಲಿ ಮುಕ್ಕಾಲು ಪಾಲು ಮೌನ ಬೇಕಾದ್ದರಿಂದ ಒಟ್ಟು ಎಪ್ಪತ್ತು ಪದ ಮೀರಬೇಡಿ. ಬಸ್ಸಿಗೆ ಗೊತ್ತಿಲ್ಲದ ಪದವನ್ನು ಅದರ ಬಾಯಿಗೆ ಹಾಕಬಾರದು. "ವಿದಾಯ", "ನೆನಪು", "ಸೇವೆ" ಇವು ಸನ್ಮಾನ ಪತ್ರದ ಮಾತು. ನಾನು ಶುರುಮಾಡುವುದು ಹೀಗೆ:

"ರಂಗಪ್ಪನ ಮುಖ ನನಗೆ ಅಷ್ಟಾಗಿ ಗೊತ್ತಿಲ್ಲ. ಅಂಗೈ ಗೊತ್ತು. ಬಲಗೈ, ಉಂಗುರ ಇಲ್ಲ. ಹಿಂದೆ ಏನಿದೆ ಎಂದು ಅದೇ ಹೇಳುವುದು."

ಬೆಳಗಿನ ಟ್ರಿಪ್ಪಿನಲ್ಲಿ ಡ್ರೈವರ್ "ರಂಗಣ್ಣ, ಇವತ್ತು ನೀವೇ ಮುಂದೆ ಕುಳಿತುಕೊಳ್ಳಿ" ಎನ್ನುತ್ತಾನೆ. ಕಂಡಕ್ಟರ್ ಕುಳಿತುಕೊಳ್ಳುವುದಿಲ್ಲ. ಬಸ್ಸು ಹೇಳುವುದಿಷ್ಟೇ: "ಇವತ್ತು ಎಲ್ಲರೂ ಅವನಿಗೆ ಸೀಟು ಬಿಡುತ್ತಿದ್ದಾರೆ. ಕಾಲು ನೋವೋ ಏನೋ." ಅಜ್ಞಾನದಿಂದ ಹುಟ್ಟಿದ ಇಂಥ ತಪ್ಪು ಊಹೆ ಒಂದೆರಡು ಸಾಕು. ಡಿಪೋ ತಲುಪಿದ ಮೇಲೆ ಬಸ್ಸಿಗೆ ಮಾತೇ ಬೇಡ. ಓದಿಸಲು ವಯಸ್ಸಾದ, ಸ್ವಲ್ಪ ಒರಟು ದನಿ ಹುಡುಕಿ. ನಾಟಕದ ಏರಿಳಿತ ಬಂದ ಕೂಡಲೇ ನಿಲ್ಲಿಸಿ, ಬಾಡಿಗೆ ರಸೀದಿ ಓದಿದ ಹಾಗೆ ಓದಿ ಎಂದು ಹೇಳಿ.

ಅಕ್ಷರ, ಗುರುತು, ಕಡತ

ಬ್ಲೆಂಡರಿನ ಪಠ್ಯ ವಸ್ತುವಿನಲ್ಲಿ ನೇರವಾಗಿ ಕನ್ನಡ ಹಾಕಿದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ, ಸ್ವರಚಿಹ್ನೆಗಳು ತಪ್ಪು ಜಾಗದಲ್ಲಿ ಬರುವ ಸಂಭವ ಹೆಚ್ಚು. ಶೀರ್ಷಿಕೆಯನ್ನು ಇಂಕ್‌ಸ್ಕೇಪಿನಲ್ಲಿ ಯೂನಿಕೋಡ್ ಅಕ್ಷರದಲ್ಲಿ ಜೋಡಿಸಿ, Path ಮೆನುವಿನ Object to Path ಮಾಡಿ, ಪಿಎನ್‌ಜಿಯಾಗಿ ತನ್ನಿ. ಬಸ್ಸಿನ ಊರಿನ ಬೋರ್ಡನ್ನಂತೂ ಕುಂಚದಲ್ಲೇ ಬರೆಯಿರಿ, ನಿಜದಲ್ಲೂ ಅದು ಪೇಂಟರ್ ಬರೆದದ್ದೇ. ಸಾರಿಗೆ ಸಂಸ್ಥೆಯ ಲಾಂಛನವನ್ನು ಬಿಡಿ, ಬರಿಯ ಕೆಂಪು ಮೈ ಸಾಕು. ನೋಂದಣಿ ಸಂಖ್ಯೆಯ ಮೇಲೆ ಧೂಳು ಮೆತ್ತಿರಲಿ, ಯಾವುದೋ ನಿಜವಾದ ಬಸ್ಸಿನ ಸಂಖ್ಯೆ ಅಕಸ್ಮಾತ್ ಬಂದುಬಿಡುವ ತಾಪತ್ರಯ ತಪ್ಪುತ್ತದೆ.

ಬ್ಲೆಂಡರಿನಿಂದ ನೇರ ವಿಡಿಯೋ ತೆಗೆಯುವ ಬದಲು ಬಿಡಿ ಫ್ರೇಮುಗಳನ್ನು ಪಿಎನ್‌ಜಿಯಾಗಿ ತೆಗೆಯಿರಿ. ನಡುವೆ ಕರೆಂಟ್ ಹೋದರೆ ನಿಂತಲ್ಲಿಂದ ಮುಂದುವರಿಸಬಹುದು, ಒಂದು ಶಾಟು ಕೆಟ್ಟಿದ್ದರೆ ಅದನ್ನಷ್ಟೇ ಮತ್ತೆ ತೆಗೆಯಬಹುದು. ಆಮೇಲೆ ಸದ್ದಿನೊಂದಿಗೆ ಸೇರಿಸಲು ffmpeg ಎಂಬ ತಂತ್ರಾಂಶದ ಈ ಆಜ್ಞೆ:

```
ffmpeg -framerate 24 -i frame_%04d.png -i sound.wav -c:v libx264 -crf 18 -pix_fmt yuv420p -c:a aac -b:a 192k bus.mp4
```

`-pix_fmt yuv420p` ಬಿಟ್ಟರೆ ಕೆಲವು ಮೊಬೈಲುಗಳಲ್ಲಿ ಚಿತ್ರವೇ ತೆರೆಯುವುದಿಲ್ಲ. ಕಂದು ಕತ್ತಲಿನಲ್ಲಿ ಗೆರೆ ಮಾಸುವ ಕಡೆ ಪಟ್ಟೆಪಟ್ಟೆಯಾಗಿ ಕಂಡರೆ `-crf` ಸಂಖ್ಯೆಯನ್ನು 14ಕ್ಕೆ ಇಳಿಸಿ, ಅದಕ್ಕೂ ಬಗ್ಗದಿದ್ದರೆ ಕತ್ತಲಿನ ಪದರಕ್ಕೆ ಸ್ವಲ್ಪ ಕಾಗದದ ಕಣಕಣ ಬೆರೆಸಿ.

ಕೊನೆಯ ಪರೀಕ್ಷೆ ಮೊಬೈಲಿನ ಸ್ಪೀಕರಿನಲ್ಲಿ. ಹೆಡ್‌ಫೋನಿನಲ್ಲಿ ಗುಡುಗುತ್ತಿದ್ದ ಎಂಜಿನ್ನಿನ ತಗ್ಗು ಸ್ವರ ಅಲ್ಲಿ ಮಾಯವಾಗುತ್ತದೆ, ಅಂಗೈ ತಟ್ಟೂ ಬಡವಾಗಬಹುದು. ಹಾಗಾದರೆ ತಟ್ಟಿನ ಧ್ವನಿಮಟ್ಟವನ್ನು ಏರಿಸಬೇಡಿ. ಬೆರಳ ತುದಿಯಿಂದ ತಟ್ಟಿದ ರೆಕಾರ್ಡಿಂಗನ್ನು ಅದೇ ಫ್ರೇಮಿನಲ್ಲಿ ಮೆಲ್ಲಗೆ ಮೇಲೆ ಸೇರಿಸಿ. ಆ ತೆಳು ಟಕ್ ಸದ್ದು ಚಿಕ್ಕ ಸ್ಪೀಕರಿನಲ್ಲೂ ದಾಟಿ ಬರುತ್ತದೆ, ದೊಡ್ಡ ಸ್ಪೀಕರಿನಲ್ಲಿ ಅಂಗೈಯ ಜೊತೆ ಬೆರೆತುಹೋಗುತ್ತದೆ.